ಎಸ್ಕ್ರೋದಲ್ಲಿ ನಿಂತ ಹಣ: ಮಧ್ಯಸ್ಥರ ಮುಂದೆ ಯಾವ ಸಾಕ್ಷ್ಯ?



ಓದಿನ ಜೊತೆಗೆ ಅಂತರಜಾಲದ ತಾಣಗಳ ಮೂಲಕ ಫ್ರೀಲಾನ್ಸ್ ಕೆಲಸ ಮಾಡುವವರು ನಿಮ್ಮಲ್ಲಿ ಕೆಲವರಿರಬಹುದು. ನಿಗದಿತ ಮೊತ್ತದ ಕೆಲಸದಲ್ಲಿ ಗ್ರಾಹಕರು ಹಣವನ್ನು ಮೊದಲೇ ತಾಣದ ವಶಕ್ಕೆ ಕೊಡುತ್ತಾರೆ. ಕೆಲಸ ಒಪ್ಪಿಗೆಯಾದ ಮೇಲೆ ಅದು ನಿಮ್ಮ ಕೈ ಸೇರುತ್ತದೆ. ಈ ಏರ್ಪಾಡೇ ಎಸ್ಕ್ರೋ. ಗ್ರಾಹಕರು ತಕರಾರು ತೆಗೆದರೆ ಹಣ ಅಲ್ಲೇ ನಿಲ್ಲುತ್ತದೆ. ಆಗ ತಾಣದ ಮಧ್ಯಸ್ಥರು ಇಬ್ಬರಿಂದಲೂ ಸಾಕ್ಷ್ಯ ಕೇಳುತ್ತಾರೆ.

ಒಂದು ಉದಾಹರಣೆ ನೋಡೋಣ. ವಿದ್ಯಾರ್ಥಿನಿಯೊಬ್ಬಳು 20,000 ರೂಪಾಯಿಗೆ ಒಂದು ಹೋಟೆಲಿನ ಐದು ಪುಟಗಳ ವೆಬ್‌ಸೈಟ್ ಮಾಡಿಕೊಟ್ಟಳು ಎಂದುಕೊಳ್ಳಿ. ಗ್ರಾಹಕರ ದೂರು ಮೂರು: ಕೊಠಡಿ ಕಾಯ್ದಿರಿಸುವ ಪುಟವಿಲ್ಲ, ವಿಚಾರಣೆಯ ಫಾರಂ ಕೆಲಸ ಮಾಡುವುದಿಲ್ಲ, ಮೊಬೈಲಿನಲ್ಲಿ ಚಿತ್ರ ಸರಿಯಾಗಿ ಕಾಣುವುದಿಲ್ಲ.

ತಾನು ಎಷ್ಟು ರಾತ್ರಿ ನಿದ್ದೆಗೆಟ್ಟೆ ಎಂದು ಬರೆದರೆ ಪ್ರಯೋಜನವಿಲ್ಲ. ಒಪ್ಪಿದ್ದೇನು, ಕೊಟ್ಟಿದ್ದೇನು ಎಂಬುದಷ್ಟೇ ಮಧ್ಯಸ್ಥರಿಗೆ ಬೇಕು. ಆದ್ದರಿಂದ ಆಕೆ ಪ್ರತಿ ದೂರಿಗೂ ಬೇರೆ ಬೇರೆಯಾಗಿ ಉತ್ತರ ಕೊಡಬೇಕು.

ಮೊದಲನೆಯದಕ್ಕೆ, ಐದು ಪುಟಗಳ ಹೆಸರಿರುವ ಒಪ್ಪಂದವೇ ಸಾಕ್ಷಿ. ಕಾಯ್ದಿರಿಸುವ ಪುಟವನ್ನು ಗ್ರಾಹಕರು ಆಮೇಲೆ ಕೇಳಿದ್ದರು. ಅದಕ್ಕೆ ಬೇರೆ ಹಣವಾಗುತ್ತದೆಂದು ಆಕೆ ಅಂದೇ ಉತ್ತರಿಸಿದ್ದಳು. ಆ ಎರಡು ಸಂದೇಶಗಳನ್ನು ದಿನಾಂಕ ಕಾಣುವಂತೆ, ಕತ್ತರಿಸದೆ ಲಗತ್ತಿಸಬೇಕು. ಎರಡನೆಯದಕ್ಕೆ, ಫಾರಂ ತುಂಬಿ ಕಳುಹಿಸಿದ್ದು ಮತ್ತು ಅದು ಅಂಚೆಪೆಟ್ಟಿಗೆಗೆ ಬಂದದ್ದು ಒಂದೇ ವಿಡಿಯೋದಲ್ಲಿ ಕಂಡರೆ ಸಾಕು.

ಮೂರನೆಯ ದೂರು ನಿಜ. ಚಿತ್ರವೊಂದು ಮೊಬೈಲ್ ಪರದೆಯ ಅಂಚು ದಾಟುತ್ತದೆ. ಇದನ್ನು ಆಕೆ ಒಪ್ಪಿಕೊಳ್ಳಬೇಕು. ಮುಚ್ಚಿಟ್ಟರೆ ಉಳಿದೆರಡು ಉತ್ತರಗಳ ಮೇಲೂ ಅನುಮಾನ ಬರುತ್ತದೆ. ಕೊನೆಯಲ್ಲಿ, "ಎರಡು ದಿನದಲ್ಲಿ ಸರಿಪಡಿಸುತ್ತೇನೆ, ಅನಂತರ ಪೂರ್ತಿ 20,000 ಬಿಡುಗಡೆಯಾಗಲಿ" ಎಂದು ಸ್ಪಷ್ಟವಾಗಿ ಕೇಳಬೇಕು.

ಹೀಗೆ ಕೇಳುವುದಕ್ಕೆ ಕಾರಣವಿದೆ. ಮಧ್ಯಸ್ಥರು ನ್ಯಾಯಾಧೀಶರಲ್ಲ. ಅಪ್‌ವರ್ಕ್ ತಾಣದಲ್ಲಿ ಅವರ ಸಲಹೆಗೆ ಇಬ್ಬರೂ ಬದ್ಧರಾಗಬೇಕಿಲ್ಲ. ಎರಡು ಕಡೆಯೂ ಒಪ್ಪಿದರೆ ಮಾತ್ರ ರಾಜಿ. ಒಪ್ಪಬಹುದಾದ ಪ್ರಸ್ತಾಪ ನಿಮ್ಮಿಂದಲೇ ಬಂದರೆ ಕೆಲಸ ಸುಲಭ.

ಇನ್ನೊಂದು ಮಾತು. ಕೆಲಸವನ್ನು ಇ-ಮೇಲಿನಲ್ಲಿ ಮಾತ್ರ ಕಳುಹಿಸಬೇಡಿ. ಅಪ್‌ವರ್ಕ್‌ನಲ್ಲಿ ನಿಗದಿತ ಮೊತ್ತದ ಕೆಲಸವನ್ನು ತಾಣದ ಮೂಲಕವೇ ಒಪ್ಪಿಸಿದರೆ ಗ್ರಾಹಕರಿಗೆ ಪರಿಶೀಲನೆಗೆ 14 ದಿನ ಸಿಗುತ್ತದೆ. ಅವರು ಏನೂ ಹೇಳದಿದ್ದರೆ ಹಣ ತಾನಾಗಿ ಬಿಡುಗಡೆಯಾಗುತ್ತದೆ. ಹೊರಗೆ ಕಳುಹಿಸಿದರೆ ಆ ಲೆಕ್ಕ ಶುರುವಾಗುವುದೇ ಇಲ್ಲ, ಒಪ್ಪಿಸಿದ ದಿನಕ್ಕೆ ತಾಣದ ದಾಖಲೆಯೂ ಇರುವುದಿಲ್ಲ.

ಫೋನಿನಲ್ಲಿ ಆಡಿದ ಮಾತಿನ ಗತಿಯೂ ಇದೇ. ನಿಮ್ಮ ಕೈಯಲ್ಲಿ ಈಗ ಕೆಲಸವೊಂದಿದ್ದರೆ, ಫೋನಿನಲ್ಲಿ ಒಪ್ಪಿಕೊಂಡದ್ದನ್ನೆಲ್ಲ ಇಂದೇ ತಾಣದ ಸಂದೇಶದಲ್ಲಿ ಬರೆದು, "ಇದು ಸರಿಯೇ?" ಎಂದು ಕೇಳಿಡಿ.