ನೂರು ಟ್ರೇಡ್‌ನಲ್ಲಿ 55 ಗೆದ್ದರೆ ಎಷ್ಟು ದುಡ್ಡು ಹಾಕಬೇಕು?

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಹೊಳವನಹಳ್ಳಿ, ಕೊರಟಗೆರೆ ತಾಲ್ಲೂಕು. ಟೀ ಅಂಗಡಿ ಮುಂದೆ ಕೂತಿದ್ದಾಗ ನನ್ನ ಜೊತೆ ಓದಿದ ಗೆಳೆಯನೊಬ್ಬ ಫೋನ್ ತೆಗೆದು ಒಂದು ಶೀಟ್ ತೋರಿಸಿದ. ನೂರು ಇಂಟ್ರಾಡೇ ಟ್ರೇಡ್‌ಗಳ ಲೆಕ್ಕ. ಯಾವ ದಿನ, ಯಾವ ಷೇರು, ಎಷ್ಟಕ್ಕೆ ತಗೊಂಡ, ಎಷ್ಟಕ್ಕೆ ಮಾರಿದ, ಎಲ್ಲಾ ನೀಟಾಗಿ ಬರೆದಿಟ್ಟಿದ್ದ. 55 ಗೆದ್ದಿದ್ದ, 45 ಸೋತಿದ್ದ. ಗೆದ್ದಾಗ ಎಷ್ಟು ಬರುತ್ತೋ ಸೋತಾಗಲೂ ಅಷ್ಟೇ ಹೋಗುವ ಹಾಗೆ ಟಾರ್ಗೆಟ್ ಮತ್ತು ಸ್ಟಾಪ್‌ಲಾಸ್ ಇಟ್ಟಿದ್ದ.

"ಮಗಾ, ಇಷ್ಟು ದಿನ ಚಿಲ್ಲರೆ ದುಡ್ಡಲ್ಲಿ ಆಡ್ತಿದ್ದೆ. ಈಗ ಅಪ್ಪ ಹುಣಸೆಹಣ್ಣು ಮಾರಿದ ದುಡ್ಡಲ್ಲಿ ಒಂದು ಲಕ್ಷ ಕೊಡ್ತೀನಿ ಅಂದವ್ರೆ. ಕೆಲ್ಲಿ ಫಾರ್ಮುಲಾ ಹಾಕ್ದೆ. ಒಂದೊಂದು ಟ್ರೇಡ್‌ಗೆ 10 ಪರ್ಸೆಂಟ್ ರಿಸ್ಕ್ ತಗೋಬೌದು ಅಂತ ಬಂತು. ಸರಿ ಐತಾ ನೋಡು" ಅಂದ.

ನಾನು ನೋಡಿದೆ. ಫಾರ್ಮುಲಾ ಸರಿಯಾಗೇ ಹಾಕಿದ್ದ. ಆದರೂ ಆ 10 ಪರ್ಸೆಂಟ್ ಹಾಕಬೇಡ ಅಂದೆ. ಯಾಕೆ ಅನ್ನೋದೇ ಇವತ್ತಿನ ಮಾತು.

ಮೊದಲು ಆ ಫಾರ್ಮುಲಾ ಏನು ಅಂತ ಹೇಳಿಬಿಡ್ತೀನಿ. ಜಾನ್ ಕೆಲ್ಲಿ ಅಂತ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ವಿಜ್ಞಾನಿ 1956ರಲ್ಲಿ ಇದನ್ನು ಬರೆದ. ಆತ ಕೇಳಿಕೊಂಡ ಪ್ರಶ್ನೆ ಇದು: ನನಗೆ ಅನುಕೂಲ ಇರುವ ಒಂದು ಆಟವನ್ನ ಮತ್ತೆ ಮತ್ತೆ ಆಡ್ತೀನಿ, ಪ್ರತಿ ಸಲ ಕೈಯಲ್ಲಿರೋ ದುಡ್ಡಿನ ಎಷ್ಟು ಭಾಗ ಒಡ್ಡಿದರೆ ದುಡ್ಡು ಅತಿ ವೇಗವಾಗಿ ಬೆಳೆಯುತ್ತೆ? ಉತ್ತರ ಹೀಗಿದೆ:

f = p − q/b

ಇದರಲ್ಲಿ p ಅಂದ್ರೆ ಗೆಲ್ಲುವ ಸಾಧ್ಯತೆ, q ಸೋಲುವ ಸಾಧ್ಯತೆ, b ಅಂದ್ರೆ ಸೋತಾಗ ಒಂದು ರೂಪಾಯಿ ಹೋಗೋದಾದ್ರೆ ಗೆದ್ದಾಗ ಎಷ್ಟು ಬರುತ್ತೆ ಅನ್ನೋದು. ನನ್ನ ಗೆಳೆಯನಿಗೆ p 0.55, q 0.45, b ಒಂದು. ಕಳೆದರೆ 0.10, ಅಂದ್ರೆ 10 ಪರ್ಸೆಂಟ್. ಇಲ್ಲಿ ಒಂದು ವಿಷಯ ಗಮನಿಸಿ. ಈ 10 ಪರ್ಸೆಂಟ್ ಷೇರು ಕೊಳ್ಳೋಕೆ ಹಾಕುವ ದುಡ್ಡಲ್ಲ, ಸ್ಟಾಪ್‌ಲಾಸ್ ಹೊಡೆದರೆ ಕೈಬಿಟ್ಟು ಹೋಗುವ ದುಡ್ಡು. ಒಂದು ಲಕ್ಷಕ್ಕೆ 10 ಸಾವಿರ.

500 ರೂಪಾಯಿ ಷೇರಿಗೆ 480ರಲ್ಲಿ ಸ್ಟಾಪ್‌ಲಾಸ್, 520ರಲ್ಲಿ ಟಾರ್ಗೆಟ್ ಇಟ್ಟರೆ ಒಂದು ಷೇರಿಗೆ 20 ರೂಪಾಯಿ ರಿಸ್ಕ್. 10 ಸಾವಿರ ರಿಸ್ಕ್ ಅಂದ್ರೆ 500 ಷೇರು, ಎರಡೂವರೆ ಲಕ್ಷದ ಮಾಲು. ಕೈಯಲ್ಲಿರೋದು ಒಂದೇ ಲಕ್ಷ. ಆದರೆ ಇಂಟ್ರಾಡೇಗೆ ಮಾರ್ಜಿನ್ ಸಿಗುತ್ತಲ್ಲ, ಹಾಗಾಗಿ ಆ್ಯಪ್ ಬೇಡ ಅನ್ನಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಫಾರ್ಮುಲಾದಲ್ಲಿ p ಅಂತ ಇರೋದು ನಿಜವಾದ ವಿನ್ ರೇಟ್. ಗೆಳೆಯನ ಹತ್ತಿರ ಇರೋದು ನೂರು ಟ್ರೇಡ್‌ನಲ್ಲಿ ಕಂಡ ವಿನ್ ರೇಟ್. ಇವೆರಡೂ ಒಂದೇ ಅಲ್ಲ. ಒಂದು ಸರಿಯಾದ ನಾಣ್ಯ ತಗೊಂಡು ನೂರು ಸಲ ಟಾಸ್ ಹಾಕಿ. 55 ಅಥವಾ ಅದಕ್ಕಿಂತ ಹೆಚ್ಚು ಹೆಡ್ ಬೀಳೋ ಸಾಧ್ಯತೆ ಸುಮಾರು 18 ಪರ್ಸೆಂಟ್. ಅಂದ್ರೆ ಐದಾರು ಜನ ಹೀಗೆ ಟಾಸ್ ಹಾಕ್ತಾ ಕೂತರೆ ಅವರಲ್ಲೊಬ್ಬ ಯಾವ ಜಾಣತನವೂ ಇಲ್ಲದೆ ನನ್ನ ಗೆಳೆಯನಷ್ಟೇ ಒಳ್ಳೇ ಶೀಟ್ ತೋರಿಸ್ತಾನೆ.

ನೂರು ಟ್ರೇಡ್‌ನ ಲೆಕ್ಕದಲ್ಲಿ ಸಾಮಾನ್ಯವಾಗಿ ಐದು ಪರ್ಸೆಂಟ್ ಆಚೆ ಈಚೆ ಇರುತ್ತೆ. ಕೆಲವೊಮ್ಮೆ ಹತ್ತೂ ಇರುತ್ತೆ. ಹಾಗಾಗಿ 55 ಅಂತ ಬಂದಿದ್ದರೆ ನಿಜವಾದದ್ದು 60 ಇರಬಹುದು, 50 ಇರಬಹುದು.

ಸರಿ, ನಿಜವಾದದ್ದು ಬೇರೆ ಇದ್ದರೆ ಏನಾಗುತ್ತೆ ಅಂತ ಇಬ್ಬರೂ ಅಲ್ಲೇ ಕ್ಯಾಲ್ಕುಲೇಟರ್ ತೆಗೆದು ನೋಡಿದೆವು. ಒಂದು ಲಕ್ಷ ದುಡ್ಡು, ಮುಂದಿನ 200 ಟ್ರೇಡ್. ಪ್ರತಿ ಸಲ ಆಗ ಕೈಯಲ್ಲಿರೋ ದುಡ್ಡಿನ 10 ಪರ್ಸೆಂಟ್ ರಿಸ್ಕ್. ಗೆದ್ದರೆ ದುಡ್ಡು 1.1 ಪಟ್ಟು, ಸೋತರೆ 0.9 ಪಟ್ಟು.

ನಿಜವಾಗಲೂ 55 ಇದ್ದರೆ 200ರಲ್ಲಿ 110 ಗೆಲುವು, 90 ಸೋಲು. ಒಂದು ಲಕ್ಷ 2 ಲಕ್ಷ 72 ಸಾವಿರ ಆಗುತ್ತೆ. ಅವನ ಮುಖ ಅರಳಿತು.

ನಿಜವಾದ ವಿನ್ ರೇಟ್ 52.5 ಅಂದುಕೊಳ್ಳಿ. 105 ಗೆಲುವು, 95 ಸೋಲು. ಸೋತಿದ್ದಕ್ಕಿಂತ ಹತ್ತು ಟ್ರೇಡ್ ಜಾಸ್ತಿ ಗೆದ್ದಿದ್ದಾನೆ. ಆದರೂ ಕೊನೆಗೆ ಕೈಯಲ್ಲಿ ಉಳಿಯೋದು 99,800 ರೂಪಾಯಿ. ಮತ್ತೆ ಹಾಕಿ ನೋಡಿದ, ಅಷ್ಟೇ ಬಂತು. ಯಾಕಂದ್ರೆ 10 ಪರ್ಸೆಂಟ್ ಕಳ್ಕೊಂಡ ಮೇಲೆ ಮೊದಲಿನಷ್ಟಾಗೋಕೆ 10 ಸಾಲಲ್ಲ, 11ಕ್ಕಿಂತ ಹೆಚ್ಚು ಬೇಕು. ಒಂದು ಗೆಲುವು ಒಂದು ಸೋಲು ಸೇರಿದರೆ ಸೊನ್ನೆ ಆಗಲ್ಲ, ಒಂದು ಪರ್ಸೆಂಟ್ ನಷ್ಟ ಆಗುತ್ತೆ. 52.5ಕ್ಕೆ ಸರಿಯಾದ ಕೆಲ್ಲಿ 5 ಪರ್ಸೆಂಟ್. ಅವನು ಅದರ ಎರಡು ಪಟ್ಟು ಹಾಕ್ತಿದ್ದಾನೆ. ಕೆಲ್ಲಿಯ ಎರಡು ಪಟ್ಟು ಹಾಕಿದರೆ ಬೆಳವಣಿಗೆ ಹೆಚ್ಚುಕಮ್ಮಿ ಸೊನ್ನೆ. ಅದಕ್ಕೂ ಜಾಸ್ತಿ ಹಾಕಿದರೆ, ಸ್ಟ್ರಾಟಜಿ ಒಳ್ಳೇದಿದ್ದರೂ ದುಡ್ಡು ಕರಗುತ್ತೆ.

ನಿಜವಾದದ್ದು ಬರೀ 50 ಇದ್ದರೆ? ನೂರು ಗೆಲುವು, ನೂರು ಸೋಲು. ಉಳಿಯೋದು 36,600.

ಈಗ ಅದನ್ನೇ ಅರ್ಧ ಮಾಡಿದೆವು. 10ರ ಬದಲು 5 ಪರ್ಸೆಂಟ್. ಇದಕ್ಕೆ ಹಾಫ್ ಕೆಲ್ಲಿ ಅಂತಾರೆ. ನಿಜವಾದದ್ದು 55 ಇದ್ದರೆ 2 ಲಕ್ಷ 12 ಸಾವಿರ. 52.5 ಇದ್ದರೆ 1 ಲಕ್ಷ 28 ಸಾವಿರ. 50 ಇದ್ದರೆ 77,900.

ರಿಸ್ಕ್ ಅರ್ಧಕ್ಕೆ ಇಳೀತು, ಆದರೆ ಬೆಳವಣಿಗೆಯ ವೇಗ ಅರ್ಧಕ್ಕೆ ಇಳಿಯಲಿಲ್ಲ. ಮುಕ್ಕಾಲು ಭಾಗ ಉಳೀತು. ಅಂದಾಜು ತಪ್ಪಿದ್ದರೆ ಪೂರ್ತಿ ಕೆಲ್ಲಿ ಎದ್ದು ನಿಲ್ಲದ ಕಡೆ ಅರ್ಧ ಕೆಲ್ಲಿ 28 ಸಾವಿರ ಲಾಭ ಕೊಡ್ತು. ಕಮ್ಮಿ ಹಾಕಿದರೆ ಆಗೋ ನಷ್ಟ ಸ್ವಲ್ಪ ನಿಧಾನ, ಅಷ್ಟೇ. ಜಾಸ್ತಿ ಹಾಕಿದರೆ ಮೂಲಕ್ಕೇ ಕೈ ಬೀಳುತ್ತೆ. ತಪ್ಪಿನ ಎರಡು ಕಡೆಗೂ ಒಂದೇ ಬೆಲೆ ಇಲ್ಲದಿರೋದರಿಂದ, ವಿನ್ ರೇಟ್ ಗೊತ್ತಿಲ್ಲದಾಗ ಕಮ್ಮಿ ಕಡೆಗೇ ವಾಲಬೇಕು.

ಇನ್ನೊಂದು ವಿಷಯ ಮನಸ್ಸಿನದ್ದು. ನಿಮ್ಮ p ಪೂರ್ತಿ ಸರಿ ಇದ್ದರೂ, ಪೂರ್ತಿ ಕೆಲ್ಲಿಯಲ್ಲಿ ಆಡಿದರೆ ಯಾವತ್ತೋ ಒಂದು ದಿನ ಶುರು ಮಾಡಿದ ದುಡ್ಡು ಅರ್ಧಕ್ಕೆ ಇಳಿಯೋ ಸಾಧ್ಯತೆ ಸುಮಾರು ಎರಡರಲ್ಲಿ ಒಂದು. ಅರ್ಧ ಕೆಲ್ಲಿಯಲ್ಲಿ ಎಂಟರಲ್ಲಿ ಒಂದು. ಒಂದು ಲಕ್ಷ ಐವತ್ತು ಸಾವಿರ ಆದ ದಿನ ಅಪ್ಪನ ಮುಂದೆ ಕೂತು "ಫಾರ್ಮುಲಾ ಪ್ರಕಾರ ಇದು ಮಾಮೂಲಿ" ಅಂತ ಹೇಳೋಕೆ ಯಾರಿಂದ ಆಗುತ್ತೆ?

ವಿನ್ ರೇಟ್ ಮೊದಲೇ ಗೊತ್ತಿದ್ದರೂ ಜನ ಜಾಸ್ತಿ ಹಾಕಿಯೇ ಕೆಡ್ತಾರೆ. ವಿಕ್ಟರ್ ಹಘಾನಿ, ರಿಚರ್ಡ್ ಡ್ಯೂಯಿ ಅನ್ನೋರು 61 ಜನರ ಮೇಲೆ ಒಂದು ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು, ಫೈನಾನ್ಸ್‌ನಲ್ಲಿ ಕೆಲಸ ಮಾಡೋ ಹುಡುಗ ಹುಡುಗಿಯರು. ತಲಾ 25 ಡಾಲರ್ ಕೊಟ್ಟು, ಈ ನಾಣ್ಯ 60 ಪರ್ಸೆಂಟ್ ಹೆಡ್ ಬೀಳುತ್ತೆ, ಅರ್ಧ ಗಂಟೆ ಬಾಜಿ ಕಟ್ಟಿ ಅಂದರು. ಕೆಲ್ಲಿ ಪ್ರಕಾರ ಪ್ರತಿ ಸಲ 20 ಪರ್ಸೆಂಟ್ ಹೆಡ್ ಮೇಲೆ ಕಟ್ಟಿದ್ದರೆ ಸಾಕಿತ್ತು. ಆದರೆ 28 ಪರ್ಸೆಂಟ್ ಜನ ಬರಿಗೈಯಲ್ಲಿ ಎದ್ದರು. ಅವರಿಗೆ 60 ಅಂತ ಬಾಯಿಬಿಟ್ಟು ಹೇಳಿದ್ದರು. ನಮಗೆ ಯಾರೂ ಹೇಳಲ್ಲ.

ಹೇಳೋರು ಅಂದ್ರೆ ಸೆಬಿ ಮಾತ್ರ. ಅವರು 2024ರ ಜುಲೈನಲ್ಲಿ ಕೊಟ್ಟ ಇಂಟ್ರಾಡೇ ವರದಿ ಪ್ರಕಾರ 2022-23ರಲ್ಲಿ ಹತ್ತರಲ್ಲಿ ಏಳು ಜನ ನಷ್ಟದಲ್ಲಿದ್ದರು. 30 ವರ್ಷದೊಳಗಿನವರಲ್ಲಿ 76 ಪರ್ಸೆಂಟ್. ನಿಮ್ಮ ಶೀಟ್ 55 ಅಂದಾಗ ಈ ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ನಿಜವಾದದ್ದು 55ಕ್ಕಿಂತ ಮೇಲಿರೋದಕ್ಕಿಂತ ಕೆಳಗಿರೋ ಸಾಧ್ಯತೆಯೇ ಜಾಸ್ತಿ.

ಆಮೇಲೆ ಅವನ ಶೀಟ್‌ನಲ್ಲಿ ಇನ್ನೂ ಎರಡು ಕಡೆ ಬೆರಳಿಟ್ಟೆ. ಒಂದು, ಬೆಲೆ. ಟಾರ್ಗೆಟ್ 520 ಅಂತ ಬರೆದಿದ್ದ, ಆದರೆ ಆರ್ಡರ್ ಆಗೋದು ಪ್ರತಿ ಸಲ ಅದೇ ಬೆಲೆಗಲ್ಲ. ಬ್ರೋಕರೇಜ್, ಟ್ಯಾಕ್ಸ್, ಬೆಲೆ ಜಾರೋದು ಎಲ್ಲಾ ಸೇರಿ ಷೇರಿಗೆ ಒಂದೇ ರೂಪಾಯಿ ಹೋಗುತ್ತೆ ಅಂದುಕೊಳ್ಳಿ. ಗೆದ್ದರೆ 20 ಅಲ್ಲ 19, ಸೋತರೆ 20 ಅಲ್ಲ 21. ಈಗ b ಒಂದಲ್ಲ, 0.905. ಫಾರ್ಮುಲಾದಲ್ಲಿ ಹಾಕಿದರೆ 10 ಪರ್ಸೆಂಟ್ ಹೋಗಿ ಐದು ಚಿಲ್ಲರೆ ಬರುತ್ತೆ. ಒಂದು ರೂಪಾಯಿಗೆ ಅರ್ಧ ಕೆಲ್ಲಿ ಹೋಯ್ತು. ಹಾಗಾಗಿ ಶೀಟ್‌ನಲ್ಲಿ ಚಾರ್ಟ್ ನೋಡಿ ಬರೆದ ಬೆಲೆ ಬೇಡ. ಕಾಂಟ್ರಾಕ್ಟ್ ನೋಟ್‌ನಲ್ಲಿ ಇರೋ ಬೆಲೆ, ಖರ್ಚು ಕಳೆದ ಮೇಲಿನ ಲಾಭ ನಷ್ಟ ಬರೀಬೇಕು.

ಎರಡು, ಒಂದೇ ದಿನ ಒಂದೇ ಹೊತ್ತಿಗೆ ಮೂರು ಬ್ಯಾಂಕ್ ಷೇರು ತಗೊಂಡಿದ್ದ. ಅವು ಮೂರು ಟ್ರೇಡ್ ಅಂತ ಬರೆದಿದ್ದ. ಬ್ಯಾಂಕ್ ಷೇರುಗಳು ಬಿದ್ದರೆ ಹೆಚ್ಚಾಗಿ ಒಟ್ಟಿಗೇ ಬೀಳ್ತವೆ. ಮೂರಕ್ಕೂ 10 ಪರ್ಸೆಂಟ್ ಹಾಕಿದ್ದರೆ ಅದು ಹೆಚ್ಚುಕಮ್ಮಿ 30 ಪರ್ಸೆಂಟ್‌ನ ಒಂದೇ ಬಾಜಿ. ಹಾಗೆ ಲೆಕ್ಕ ಹಾಕಿದರೆ ಅವನ ನೂರು ಟ್ರೇಡ್ ಕೂಡ ನಿಜವಾಗಿ ನೂರಲ್ಲ, ಅದಕ್ಕಿಂತ ಕಮ್ಮಿ.

"ಹಂಗಾದ್ರೆ ಎಷ್ಟು ಹಾಕ್ಲಿ?" ಅಂದ. ನಾನು ಹೇಳಿದ್ದು ಕಾಲು ಭಾಗ. 10ರಲ್ಲಿ ಕಾಲು ಅಂದ್ರೆ ಎರಡೂವರೆ ಪರ್ಸೆಂಟ್. ಒಂದು ಲಕ್ಷಕ್ಕೆ 2,500 ರೂಪಾಯಿ. ಅದೇ 500 ರೂಪಾಯಿ ಷೇರು, 20 ರೂಪಾಯಿ ಸ್ಟಾಪ್‌ಲಾಸ್ ಆದರೆ 125 ಷೇರು, 62,500 ರೂಪಾಯಿ ಮಾಲು. ಮಾರ್ಜಿನ್ ಕೂಡ ಬೇಕಿಲ್ಲ. ಮೂರು ಬ್ಯಾಂಕ್ ಷೇರು ತಗೋಬೇಕು ಅನಿಸಿದರೆ ಈ 2,500ನ್ನೇ ಮೂರಕ್ಕೂ ಹಂಚಬೇಕು. ನಿಜವಾದ ವಿನ್ ರೇಟ್ 50 ಇದ್ದರೂ, ಖರ್ಚು ಬಿಟ್ಟು ನೋಡಿದರೆ 200 ಟ್ರೇಡ್ ಆದ ಮೇಲೆ 94 ಸಾವಿರದ ಹತ್ತಿರ ಉಳಿದಿರುತ್ತೆ. 55 ಇದ್ದರೆ ಒಂದೂವರೆ ಲಕ್ಷ ದಾಟಿರುತ್ತೆ.

ಅರ್ಧಕ್ಕೆ ಯಾವಾಗ ಏರಿಸೋದು? ಟ್ರೇಡ್ ನಾಲ್ಕು ಪಟ್ಟು ಆದರೆ ಅಂದಾಜಿನ ತಪ್ಪು ಅರ್ಧ ಆಗುತ್ತೆ. 400 ಟ್ರೇಡ್ ಆದ ಮೇಲೂ, ಖರ್ಚೆಲ್ಲಾ ಕಳೆದು, ನಡುವೆ ರೂಲ್ಸ್ ಬದಲಾಯಿಸದೆ, ಇನ್ನೂ 55 ಇದ್ದರೆ ಆಚೆ ಈಚೆ ಎರಡೂವರೆ ಪರ್ಸೆಂಟ್ ಇಟ್ಟುಕೊಂಡು ಹೊಸದಾಗಿ ಲೆಕ್ಕ ಹಾಕಬಹುದು. ನಡುವೆ ರೂಲ್ಸ್ ಬದಲಾಯಿಸಿದರೆ ಎಣಿಕೆ ಮತ್ತೆ ಒಂದರಿಂದ ಶುರು.

ಒಂದು ಮಾತು ಮುಚ್ಚಿಡಲ್ಲ. ಕಾಲು ಕೆಲ್ಲಿ ಆಗಲಿ ಅರ್ಧ ಕೆಲ್ಲಿ ಆಗಲಿ, ಇಲ್ಲದ ಅನುಕೂಲವನ್ನು ತಂದುಕೊಡಲ್ಲ. ಸ್ಟ್ರಾಟಜಿಯಲ್ಲೇ ದಮ್ಮಿಲ್ಲ ಅಂದ್ರೆ ಸಣ್ಣ ಬಾಜಿಯಲ್ಲೂ ಸೋಲೇ. ಆದರೆ ಅದು ಗೊತ್ತಾಗೋ ಹೊತ್ತಿಗೆ ದುಡ್ಡಿನ್ನೂ ಕೈಯಲ್ಲಿರುತ್ತೆ.

ನಮ್ಮ ಕಡೆ ಮಳೆ ನಂಬಿ ಕಡಲೆಕಾಯಿ ಹಾಕೋರಿಗೆ ಇದು ಹೊಸದಲ್ಲ. ಮೊದಲ ಮಳೆಗೇ ಮನೇಲಿರೋ ಬೀಜವೆಲ್ಲಾ ಬಿತ್ತಿಬಿಟ್ಟು, ಆಮೇಲೆ ಮಳೆ ಕೈಕೊಟ್ಟರೆ ಮತ್ತೆ ಬಿತ್ತೋಕೆ ಬೀಜ ಇರಲ್ಲ. ಗೆಳೆಯನಿಗೆ ಇದನ್ನ ಹೇಳಿದಾಗ ನಕ್ಕ. "ಅಪ್ಪನೂ ಇದನ್ನೇ ಅಂದ್ರು. 25 ಸಾವಿರ ಮೊದ್ಲು ತಗೋ, ಮಿಕ್ಕಿದ್ದು ಆಮೇಲೆ ನೋಡಾಣ ಅಂದ್ರು. ನಾನೇ ಜಗಳ ಆಡ್ದೆ" ಅಂದ.

25 ಸಾವಿರಕ್ಕೆ 10 ಪರ್ಸೆಂಟ್ ರಿಸ್ಕ್ ಅಂದ್ರೂ 2,500 ರೂಪಾಯಿ. ಒಂದು ಲಕ್ಷದ ಕಾಲು ಕೆಲ್ಲಿಯೂ ಅಷ್ಟೇ. ಅವರಪ್ಪ ಫಾರ್ಮುಲಾ ಇಲ್ಲದೇ ಅಲ್ಲಿಗೇ ಬಂದಿದ್ದರು. ಹೋದ ವಾರ ಫೋನ್ ಮಾಡಿದ್ದ. 131ನೇ ಟ್ರೇಡ್ ಆಯ್ತಂತೆ, 68 ಗೆಲುವು. ಅಂದ್ರೆ 52 ಪರ್ಸೆಂಟ್‌ಗೆ ಇಳಿದಿದೆ. "ಇನ್ನೂ ಎರಡೂವರೆಯಲ್ಲೇ ಇದೀನಿ" ಅಂದ.

ನಿಮ್ಮ ಶೀಟ್‌ನಲ್ಲಿ ಎಷ್ಟು ಟ್ರೇಡ್ ಇವೆ, ಖರ್ಚು ಕಳೆದ ಮೇಲೆ ಎಷ್ಟು ಗೆದ್ದಿದ್ದೀರಿ, ಒಮ್ಮೆ ಎಣಿಸಿ ನೋಡಿ. ಮುಂದಿನ ವಾರ ಸಿಗೋಣ.