ರೀಡ್‌ಮೀಯ ಮೊದಲ ಎರಡು ಸಾಲು

ಕಾಸರಗೋಡಿನ ಹುಡುಗಿಯೊಬ್ಬಳು ಕೊಚ್ಚಿಯ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್ ಕಂಪನಿಗಳಿಗೆ ಅರ್ಜಿ ಹಾಕ್ತಿದ್ದಾಳೆ ಅಂತಿಟ್ಕೊಳ್ಳಿ. ಅವಳ `README.md` ಶುರುವಾಗೋದೇ "ಇದು ರಿಯಾಕ್ಟ್, ನೋಡ್ ಬಳಸಿದ ವೆಬ್ ಆ್ಯಪ್" ಅಂತ. ಸರಿ, ಆದರೆ ಅದು ಮಾಡೋದೇನು?

ಬರೆಯೋದು ಇಂಗ್ಲಿಷಲ್ಲೇ ಆದರೂ ಅರ್ಥ ಹೀಗಿರಲಿ: "ವೈಟಿಲ–ಕಾಕ್ಕನಾಡ್ ವಾಟರ್ ಮೆಟ್ರೋದ ಮುಂದಿನ ದೋಣಿ ಎಷ್ಟು ಹೊತ್ತಿಗೆ ಅಂತ ತೋರಿಸುವ ಪುಟ. ವೇಳಾಪಟ್ಟಿ ನಾನೇ ಟೈಪ್ ಮಾಡಿದ್ದು. ದೋಣಿ ತಡವಾದರೆ ಇದಕ್ಕೆ ಗೊತ್ತಾಗದು." ಆ ಕೊನೆಯ ಮಾತು ಮುಚ್ಚಿಡಬೇಡಿ, ಸಂದರ್ಶನದಲ್ಲಿ ಕೇಳೋದೇ ಅದನ್ನ. ಕೆಳಗೆ ಸ್ಕ್ರೀನ್‌ಶಾಟ್, ತೆರೆದು ನೋಡುವ ಲಿಂಕ್. ರಿಯಾಕ್ಟ್, ನೋಡ್ ಎಲ್ಲಾ ಆಮೇಲೆ.

ಕಳಿಸೋ ಮುಂಚೆ ಹೊಸ ಫೋಲ್ಡರಿನಲ್ಲಿ `git clone` ಮಾಡಿ, ರೀಡ್‌ಮೀಯಲ್ಲಿ ಬರೆದಷ್ಟನ್ನೇ ಮಾಡಿ ನೋಡಿ. ಓಡದೆ ನಿಂತರೆ, ನಿಮ್ಮ ಲ್ಯಾಪ್‌ಟಾಪಲ್ಲಿ ಮಾತ್ರ ಇರೋ `.env` ಫೈಲನ್ನ ಮೊದಲು ಅನುಮಾನಿಸಿ.