ಹನ್ನೆರಡು ಹಂಡೆಯ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಮಾತಿನ ಬರಹರೂಪ)



ನಿಮ್ಮ ವೃತ್ತಿಯ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಹೇಳಿ ಎಂದು ಸಂಘಟಕರು ಕೇಳಿದ್ದಾರೆ. ನನಗಿಂತ ಮುಂಚೆ ಡಾಕ್ಟರು ಮಾತಾಡಿದರು, ನನ್ನ ನಂತರ ವಕೀಲರಿದ್ದಾರೆ. ಎದುರಿಗೆ ರೈತರಿದ್ದಾರೆ, ಟೈಲರ್ ಇದ್ದಾರೆ, ಅಂಗನವಾಡಿ ಟೀಚರ್ ಇದ್ದಾರೆ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವನು. ಬಡ್ಡಿಯ ವಿಷಯದಲ್ಲಿ ಒಂದೇ ಹೋಲಿಕೆ, ಒಂದೇ ಲೆಕ್ಕ ಹೇಳಿ ಕೂರುತ್ತೇನೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಣ್ಣನಿಗೆ ಪಂಪ್‌ಸೆಟ್ ಬೇಕಾಗಿತ್ತು. ಬ್ಯಾಂಕಿನಲ್ಲಿ ಶೇ 15 ಅಂದಿದ್ದರು. ಪೇಟೆಯ ಒಬ್ಬ ಸಾಲ ಕೊಡುವವರು ಶೇ 12ಕ್ಕೆ ಕೊಡುತ್ತೇವೆ, ತಿಂಗಳ ಕಂತಿನಲ್ಲಿ ತೀರಿಸಿ ಅಂದರು. ಅಣ್ಣ ನನ್ನನ್ನು ಕೇಳಿದ. "ಹದಿನೈದಕ್ಕಿಂತ ಹನ್ನೆರಡು ಕಡಿಮೆ, ಅಲ್ಲೇ ತಗೋ" ಅಂದೆ. ತಮ್ಮ ಬ್ಯಾಂಕಿನವನು, ಅವನಿಗೆ ಗೊತ್ತಿರುತ್ತದೆ ಎಂದು ಅಣ್ಣ ನಂಬಿದ. ಸಾಲ ತೀರಿದ ಮೇಲೆ ಅವನ ಕಂತಿನ ಕಾರ್ಡು ನನ್ನ ಕೈಗೆ ಬಂತು. ಕೂಡಿಸಿ ನೋಡಿದರೆ, ಶೇ 15ರ ಸಾಲಕ್ಕಿಂತ ಹೆಚ್ಚು ಬಡ್ಡಿ ಕಟ್ಟಿದ್ದ. ಯಾರೂ ಸುಳ್ಳು ಹೇಳಿರಲಿಲ್ಲ. ಆ ಹನ್ನೆರಡು ಬೇರೆ ಹನ್ನೆರಡು, ಅದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಈಗ ಹೋಲಿಕೆ. ಶಾಲೆಯ ಹಿಂದೆ ಅಡುಗೆಯವರು ಹಂಡೆ ಇಟ್ಟಿದ್ದಾರಲ್ಲ, ಅವು ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ಬಂದವು. ಒಂದು ಜಾತ್ರೆ ಅಂದುಕೊಳ್ಳಿ, ಹನ್ನೆರಡು ದಿನದ್ದು. ನೀವು ಹನ್ನೆರಡು ಹಂಡೆ ತಂದಿರಿ. ಹಂಡೆಯೊಂದಕ್ಕೆ ದಿನಕ್ಕೆ ಹತ್ತು ರೂಪಾಯಿ ಬಾಡಿಗೆ. ದಿನದಿನಕ್ಕೆ ಜನ ಕಡಿಮೆಯಾಗುತ್ತಾರೆ, ಆದ್ದರಿಂದ ಪ್ರತಿ ಸಂಜೆ ಒಂದೊಂದು ಹಂಡೆ ತೊಳೆದು ವಾಪಸ್ ಕಳಿಸುತ್ತೀರಿ. ಮೊದಲ ದಿನ ನಿಮ್ಮ ಹತ್ತಿರ ಹನ್ನೆರಡು, ಮರುದಿನ ಹನ್ನೊಂದು, ಕೊನೆಯ ದಿನ ಒಂದೇ. ನ್ಯಾಯವಾಗಿ ಬಾಡಿಗೆ ಎಷ್ಟಾಗಬೇಕು? ಹನ್ನೆರಡು, ಹನ್ನೊಂದು, ಹತ್ತು, ಹೀಗೆ ಒಂದರವರೆಗೆ ಕೂಡಿಸಿದರೆ 78. ಅಂದರೆ 780 ರೂಪಾಯಿ.

ಆದರೆ ಅಂಗಡಿಯವರು ಬಿಲ್ಲು ಬರೆಯುತ್ತಾರೆ: ಹನ್ನೆರಡು ಹಂಡೆ, ಹನ್ನೆರಡು ದಿನ, ಹತ್ತು ರೂಪಾಯಿ, ಒಟ್ಟು 1,440. "ಸ್ವಾಮಿ, ಹಂಡೆ ವಾಪಸ್ ಕೊಟ್ಟೆನಲ್ಲ" ಅಂದರೆ, "ತಗೊಂಡಿದ್ದು ಹನ್ನೆರಡು ತಾನೆ?" ಅನ್ನುತ್ತಾರೆ. ನಮ್ಮೂರಲ್ಲಿ ಯಾರಾದರೂ ಇಂಥ ಬಿಲ್ಲು ಕೊಟ್ಟರೆ ನೀವು ಸುಮ್ಮನಿರುತ್ತೀರಾ? ಹಂಡೆಯಾದರೆ ಕಣ್ಣಿಗೆ ಕಾಣುತ್ತದೆ. ಹಣ ವಾಪಸ್ ಹೋಗಿದ್ದು ಕಾಣುವುದಿಲ್ಲ.

ವಾಪಸ್ ಕೊಟ್ಟ ಹಂಡೆಗೂ ಬಾಡಿಗೆ ಹಾಕುವುದಕ್ಕೆ ಸಾಲದ ಭಾಷೆಯಲ್ಲಿ ಫ್ಲಾಟ್ ಬಡ್ಡಿ ಎನ್ನುತ್ತಾರೆ. ನಿಮ್ಮ ಹತ್ತಿರ ಉಳಿದ ಹಂಡೆಗೆ ಮಾತ್ರ ಹಾಕುವುದು ಇಳಿಕೆ ಬಾಕಿಯ ಬಡ್ಡಿ. ಬ್ಯಾಂಕಿನವರು ರೆಡ್ಯೂಸಿಂಗ್ ಬ್ಯಾಲೆನ್ಸ್ ಅನ್ನುವುದು ಇದಕ್ಕೇ.

ಇನ್ನು ಲೆಕ್ಕ. ಕೂಡಿಸಲು ಸುಲಭವಾಗಲಿ ಎಂದು ಮೊತ್ತ ನಾನೇ ಆರಿಸಿದ್ದೇನೆ. ಸಾಲ 1,20,000 ರೂಪಾಯಿ, ಅವಧಿ ಒಂದು ವರ್ಷ, ಬಡ್ಡಿ ಶೇ 12, ಅಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಪ್ರತಿ ತಿಂಗಳು ಅಸಲಿನಲ್ಲಿ 10,000 ತೀರಿಸುತ್ತೀರಿ. ಮೊದಲ ತಿಂಗಳು ನಿಮ್ಮ ಹತ್ತಿರ ಇರುವುದು 1,20,000, ಬಡ್ಡಿ 1,200. ಎರಡನೇ ತಿಂಗಳು 1,10,000, ಬಡ್ಡಿ 1,100. ಹೀಗೆ ಇಳಿಯುತ್ತಾ ಕೊನೆಯ ತಿಂಗಳು ಉಳಿದದ್ದು 10,000, ಬಡ್ಡಿ ನೂರು ರೂಪಾಯಿ. ಒಟ್ಟು ಬಡ್ಡಿ 7,800. ಅದೇ ಹಂಡೆಯ 78.

ಫ್ಲಾಟ್ ಲೆಕ್ಕದಲ್ಲಿ ಹನ್ನೆರಡೂ ತಿಂಗಳು 1,200ರಂತೆ ಒಟ್ಟು 14,400. ಕೊನೆಯ ತಿಂಗಳೊಂದನ್ನೇ ನೋಡಿ: ನಿಮ್ಮ ಹತ್ತಿರ ಉಳಿದಿರುವುದು 10,000, ಆ ಒಂದು ತಿಂಗಳಿಗೆ ಕೊಡುವ ಬಡ್ಡಿ 1,200. ನೂರಕ್ಕೆ ಹನ್ನೆರಡು, ಅದೂ ವರ್ಷಕ್ಕಲ್ಲ, ತಿಂಗಳಿಗೆ!

7,800 ಕೊಟ್ಟರೆ ಶೇ 12 ಆಗುತ್ತಿತ್ತು. 14,400 ಕೊಟ್ಟಾಗ ಅದು ಶೇ 22ರಷ್ಟಾಯಿತು. ಇದು ನನ್ನ ಸುಲಭದ ಲೆಕ್ಕ. ಸಮಕಂತಿನ ಸಾಲದಲ್ಲಿ ಮೊದಮೊದಲ ಕಂತುಗಳಲ್ಲಿ ಅಸಲು ಸ್ವಲ್ಪ ಕಡಿಮೆ ತೀರುತ್ತದೆ, ಬಾಕಿ ಸ್ವಲ್ಪ ಹೆಚ್ಚು ಉಳಿಯುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ ಹಾಕಿದರೆ ಸುಮಾರು ಇಪ್ಪತ್ತೊಂದೂವರೆ ಬರುತ್ತದೆ. ನನ್ನ ಅಂದಾಜಿನ ಸೂತ್ರ ಇಷ್ಟೇ: ಒಂದರಿಂದ ಮೂರು ವರ್ಷದ ತಿಂಗಳ ಕಂತಿನ ಸಾಲಕ್ಕೆ ಫ್ಲಾಟ್ ದರ ಹೇಳಿದರೆ, ಅದರ ಒಂದೂ ಮುಕ್ಕಾಲು ಪಟ್ಟು ಮಾಡಿ. ಬೈಕಿಗೆ ಫ್ಲಾಟ್ ಒಂಬತ್ತು ಅಂದರೆ ಅದು ನಿಜವಾಗಿ ಹದಿನಾರರ ಹತ್ತಿರ. ಪಕ್ಕದ ಬ್ಯಾಂಕಿನ ಇಳಿಕೆ ಬಾಕಿಯ ಹದಿಮೂರು ಅದಕ್ಕಿಂತ ಅಗ್ಗ.

ಮೊನ್ನೆ ಇದನ್ನು ಮನೆಯಲ್ಲಿ ಹೇಳುವಾಗ ನನ್ನ ಸೊಸೆ ಕೇಳಿದಳು, "ಮಾವ, ಚಿನ್ನ ಅಡವಿಟ್ಟ ಸಾಲಕ್ಕೂ ಹೀಗೇನಾ?" ಒಳ್ಳೆಯ ಪ್ರಶ್ನೆ. ವರ್ಷದ ಕೊನೆಗೆ ಅಸಲು ಬಡ್ಡಿ ಎರಡನ್ನೂ ಒಟ್ಟಿಗೆ ಕಟ್ಟುವ ಸಾಲವಾದರೆ ಹೀಗಲ್ಲ. ಅಲ್ಲಿ ಹನ್ನೆರಡು ಹಂಡೆಯೂ ಕೊನೆಯ ದಿನದವರೆಗೆ ನಿಮ್ಮ ಮನೆಯಲ್ಲೇ ಇರುತ್ತವೆ, ಪೂರ್ತಿ ಬಾಡಿಗೆ ನ್ಯಾಯವೇ. ನಡುವೆ ವಾಪಸ್ ಕೊಡುತ್ತಾ ಹೋಗುವ ಸಾಲಕ್ಕೆ ಮಾತ್ರ ಈ ಮಾತು.

ಸರಿ, ನಿಮ್ಮ ಸಾಲ ಯಾವ ಜಾತಿಯದು ಎಂದು ತಿಳಿಯುವುದು ಹೇಗೆ? ಕಂತನ್ನು ತಿಂಗಳುಗಳಿಂದ ಗುಣಿಸಿ, ಸಾಲದ ಮೊತ್ತ ಕಳೆಯಿರಿ. ನಮ್ಮ ಫ್ಲಾಟ್ ಸಾಲದಲ್ಲಿ ಕಂತು 11,200. ಹನ್ನೆರಡರಿಂದ ಗುಣಿಸಿದರೆ 1,34,400. ಸಾಲ ಕಳೆದರೆ ಉಳಿಯುವ ಬಡ್ಡಿ 14,400. ಅದು ಸರಿಯಾಗಿ 1,20,000ಕ್ಕೆ ಶೇ 12. ಹೇಳಿದ ದರ ಪೂರ್ತಿ ಸಾಲದ ಮೇಲೆ ಹೀಗೆ ಚಾಚೂತಪ್ಪದೆ ಕೂತರೆ ಅದು ಫ್ಲಾಟ್. ಇಳಿಕೆ ಬಾಕಿಯದಾಗಿದ್ದರೆ ಕಂತು ಸುಮಾರು 10,660, ಒಟ್ಟು ಬಡ್ಡಿ 8,000ಕ್ಕಿಂತ ಸ್ವಲ್ಪ ಕಡಿಮೆ ಬರುತ್ತಿತ್ತು.

ಶುಲ್ಕವನ್ನೂ ಮರೆಯಬೇಡಿ. ಇದೇ ಸಾಲದಲ್ಲಿ ಮೊದಲೇ 2,400 ಹಿಡಿದುಕೊಂಡು 1,17,600 ಕೈಗೆ ಕೊಟ್ಟರೆ, ನಿಜವಾದ ದರ ಇಪ್ಪತ್ತೈದು ದಾಟುತ್ತದೆ. ಈಗ ಒಂದು ಅನುಕೂಲವಿದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ವ್ಯಕ್ತಿಗಳಿಗೆ ಹೊಸದಾಗಿ ಕೊಡುವ ಕಂತಿನ ಸಾಲಕ್ಕೆ ಒಂದು ಮುಖ್ಯಾಂಶ ಪತ್ರ ಕೊಡಬೇಕು, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ, ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ ಎಪಿಆರ್ ಎಂದು ಒಂದು ಅಂಕಿ ಇರುತ್ತದೆ. ಉಳಿದ ಹಂಡೆಯ ಬಾಡಿಗೆ, ಜೊತೆಗೆ ಶುಲ್ಕ, ಎರಡೂ ಸೇರಿದ ವಾರ್ಷಿಕ ದರ ಅದು. ಎರಡು ಕಡೆಯ ಸಾಲ ತೂಗಿ ನೋಡುವಾಗ ಆ ಅಂಕಿಯನ್ನೇ ಪಕ್ಕಪಕ್ಕ ಇಡಿ. ಊರಲ್ಲಿ ಕೈಸಾಲ ಕೊಡುವವರು ಈ ಪತ್ರ ಕೊಡುವುದಿಲ್ಲ. ಅಲ್ಲಿ ನಿಮ್ಮ ಗುಣಾಕಾರವೇ ಗತಿ.

ನಮ್ಮಣ್ಣ ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಅಂದು ನಾನು ವಿಷಯ ಹೇಳಿದಾಗ, "ಹೋಗಲಿ ಬಿಡೋ, ಪಂಪು ಚೆನ್ನಾಗಿ ಓಡ್ತು" ಅಂದಿದ್ದ. ಅವನು ಬಿಟ್ಟ, ನನ್ನಿಂದ ಬಿಡಲಾಗಲಿಲ್ಲ. ಊಟ ಆದ ಮೇಲೆ ನಾನು ಹತ್ತನೇ ತರಗತಿಯ ಕೋಣೆಯಲ್ಲಿ ಕೂತಿರುತ್ತೇನೆ. ಮನೆಯಲ್ಲಿ ಕಂತಿನ ಕಾರ್ಡು ಇರುವವರು ಹೋಗಿ ತನ್ನಿ. ಸೀಮೆಸುಣ್ಣ, ಕಪ್ಪುಹಲಗೆ ಎರಡೂ ಅಲ್ಲಿವೆ.